ಸಾಲಾವಳಿ ಚೀಟಿ ಮುಂದಿಟ್ಟುಕೊಂಡು ಆಡಬೇಕಾದ ಮಾತು

ಚಿತ್ರದುರ್ಗ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಸಂಬಂಧ ನೋಡುತ್ತಿರುವ ಮನೆಗಳಲ್ಲಿ ಈಗ ಒಂದು ಚೀಟಿ ಓಡಾಡುತ್ತಿರುತ್ತದೆ. ಹುಡುಗನ ನಕ್ಷತ್ರ, ಹುಡುಗಿಯ ನಕ್ಷತ್ರ, ಎರಡು ರಾಶಿ, ಕೆಳಗೆ ಗೆರೆ ಎಳೆದು ಒಂದು ಅಂಕಿ. "ಗುಣ ಎಷ್ಟು ಬಂದ್ವು?" ಅಂತ ಕೇಳುತ್ತಾರೆ. 36ಕ್ಕೆ 18 ದಾಟಿದರೆ ಮುಂದಿನ ಮಾತು, ದಾಟದಿದ್ದರೆ "ಕೂಡಿ ಬರಲಿಲ್ಲ" ಅಂತ ಫೋನು. ಎರಡೂ ಕಡೆಯಲ್ಲಿ ಹುಡುಗ ಹುಡುಗಿ ಮಾತ್ರ ಒಬ್ಬರನ್ನೊಬ್ಬರು ಏನೂ ಕೇಳಿರುವುದಿಲ್ಲ. ಆ ಚೀಟಿಯನ್ನೇ ಹಿಡಿದು ಇಬ್ಬರೂ ಕೂತು ಮಾತಾಡುವುದು ಹೇಗೆ ಎನ್ನುವುದು ಇವತ್ತಿನ ವಿಷಯ.

ಮೊದಲು ಆ ಅಂಕಿ ಎಲ್ಲಿಂದ ಬರುತ್ತದೆ ನೋಡೋಣ. ಅದರಲ್ಲಿ ಎಂಟು ಕೂಟಗಳಿವೆ. ವರ್ಣಕ್ಕೆ 1, ವಶ್ಯಕ್ಕೆ 2, ತಾರೆಗೆ 3, ಯೋನಿಗೆ 4, ಗ್ರಹಮೈತ್ರಿಗೆ 5, ಗಣಕ್ಕೆ 6, ರಾಶಿಕೂಟಕ್ಕೆ 7, ನಾಡಿಗೆ 8. ಕೂಡಿದರೆ 36. ಕೊನೆಯ ನಾಲ್ಕರಲ್ಲೇ 26 ಇರುವುದರಿಂದ ಚೀಟಿಯ ಹಣೆಬರಹ ಹೆಚ್ಚುಕಡಿಮೆ ಅಲ್ಲೇ ಬರೆದಿರುತ್ತದೆ.

ಈ ಲೆಕ್ಕ ಪೂರ್ತಿ ನಿಂತಿರುವುದು ಹುಟ್ಟಿದಾಗ ಚಂದ್ರ ಯಾವ ನಕ್ಷತ್ರದಲ್ಲಿದ್ದ, ಯಾವ ರಾಶಿಯಲ್ಲಿದ್ದ ಎನ್ನುವುದರ ಮೇಲೆ. ಚಂದ್ರ ಒಂದು ನಕ್ಷತ್ರ ದಾಟಲು ಸುಮಾರು ಒಂದು ದಿನ ಬೇಕು. ಅಂದರೆ ದಾವಣಗೆರೆಯ ಆಸ್ಪತ್ರೆಗಳಲ್ಲಿ ಒಂದೇ ದಿನ ಹುಟ್ಟಿದ ಮಕ್ಕಳಿಗೆಲ್ಲ ಸೇರಿ ಒಂದೋ ಎರಡೋ ನಕ್ಷತ್ರ, ನಕ್ಷತ್ರ ರಾಶಿ ಒಂದೇ ಆದವರಿಗೆ ಯಾರ ಜೊತೆ ಕೂಡಿಸಿದರೂ ಒಂದೇ ಗುಣ. ಅವರಲ್ಲಿ ಒಬ್ಬ ಮುಂಗೋಪಿ, ಇನ್ನೊಬ್ಬ ಸಮಾಧಾನಿ, ಮತ್ತೊಬ್ಬ ಕುಡುಕನಾಗಿರಬಹುದು. ಚೀಟಿಗೆ ಆ ವ್ಯತ್ಯಾಸ ಕಾಣುವುದಿಲ್ಲ. ಗುಣ ಹೆಚ್ಚು ಬಂದ ಮದುವೆ ಬಾಳುತ್ತದೆ, ಕಡಿಮೆ ಬಂದದ್ದು ಮುರಿಯುತ್ತದೆ ಎನ್ನುವುದಕ್ಕೆ ಪುರಾವೆ ಇಲ್ಲ. ಆದರೆ ಕೊನೆಯ ನಾಲ್ಕು ಕೂಟಗಳ ತಲೆಬರಹ ಏನು ಹೇಳುತ್ತದೆ ನೋಡಿ: ಗ್ರಹಮೈತ್ರಿ ಎಂದರೆ ಮನಸ್ಸು, ಗಣ ಎಂದರೆ ಕೋಪತಾಪ, ರಾಶಿಕೂಟ ಎಂದರೆ ದುಡ್ಡು ಸಂಸಾರ, ನಾಡಿ ಎಂದರೆ ಆರೋಗ್ಯ ಮಕ್ಕಳು. ಗಂಡ ಹೆಂಡತಿ ಜಗಳ ಹುಟ್ಟುವುದೇ ಇವುಗಳಲ್ಲಿ. ಅದಕ್ಕೇ ಅಂಕಿ ಬಿಟ್ಟು ತಲೆಬರಹ ಹಿಡಿದುಕೊಳ್ಳಿ ಎನ್ನುತ್ತೇನೆ.

ಒಂದು ಜೋಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಹುಡುಗಿಯದು ಮಖಾ ನಕ್ಷತ್ರ, ಸಿಂಹ ರಾಶಿ. ದಾವಣಗೆರೆಯಲ್ಲಿ ನರ್ಸ್ ಕೆಲಸ, ತಿಂಗಳ ಸಂಬಳ. ಹುಡುಗನದು ಹಸ್ತಾ ನಕ್ಷತ್ರ, ಕನ್ಯಾ ರಾಶಿ. ಚನ್ನಗಿರಿ ಕಡೆ ಅಡಿಕೆ ತೋಟ, ಅಪ್ಪ ಅಮ್ಮ ಜೊತೆಗಿದ್ದಾರೆ. ಸಾಲಾವಳಿ ನೋಡಿದರೆ ಗ್ರಹಮೈತ್ರಿಗೆ 4, ಗಣಕ್ಕೆ ಸೊನ್ನೆ, ರಾಶಿಕೂಟಕ್ಕೆ ಸೊನ್ನೆ, ನಾಡಿಗೆ ಪೂರ್ತಿ 8. ಉಳಿದ ನಾಲ್ಕರಿಂದ ಮೂರೂವರೆ. ಒಟ್ಟು ಹದಿನೈದೂವರೆ. ಬೇರೆ ಬೇರೆ ಪಂಚಾಂಗದ ಕೋಷ್ಟಕದಲ್ಲಿ ಒಂದೆರಡು ಗುಣ ಆಚೀಚೆ ಆಗಬಹುದು, ಆದರೂ 18 ಮುಟ್ಟುವುದಿಲ್ಲ. ಚೀಟಿಯನ್ನು ತೀರ್ಪು ಅಂದುಕೊಂಡರೆ ಇಲ್ಲಿಗೆ ಮುಗಿಯಿತು.

ಮುಗಿಸಬೇಡಿ. ಜೋಯಿಸರ ಹತ್ತಿರ ಹೋದಾಗ ಒಟ್ಟು ಎಷ್ಟು ಅಂತ ಕೇಳಿ ಎದ್ದು ಬರುವ ಬದಲು ಎಂಟೂ ಕೂಟದ ಗುಣ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಸೊನ್ನೆ ಬಂದ ಕಡೆ "ಇದಕ್ಕೆ ಶಾಸ್ತ್ರದಲ್ಲಿ ಏನಂತ ಅರ್ಥ, ಪರಿಹಾರ ಹೇಳಿದ್ದಾರಾ?" ಅಂತ ಕೇಳಿ. ಪಂಚಾಂಗ ಬಲ್ಲವರು ವಿವರವಾಗಿ ಹೇಳುತ್ತಾರೆ. ಆಮೇಲೆ ಹುಡುಗ ಹುಡುಗಿ ಇಬ್ಬರಿಗೂ ಒಂದೊಂದು ನಕಲು ಕೊಡಿ. ಮನೆಯ ನಡುಕೋಣೆಯಲ್ಲಿ ಹತ್ತು ನಿಮಿಷ ಕೂರಿಸಿ ಬಾಗಿಲ ಹೊರಗೆ ದೊಡ್ಡಮ್ಮ ನಿಂತುಬಿಟ್ಟರೆ ಯಾರೂ ನಿಜ ಹೇಳುವುದಿಲ್ಲ. ಕುಂದವಾಡ ಕೆರೆ ಏರಿ ಮೇಲೋ, ಚಂದ್ರವಳ್ಳಿಯಲ್ಲೋ ನಾಲ್ಕು ಜನ ಓಡಾಡುವ ಕಡೆ ಎರಡು ಗಂಟೆ ಬಿಡಿ. ಬರುವ ಮೊದಲೇ ಇಬ್ಬರೂ ತಮ್ಮ ತಮ್ಮ ಉತ್ತರ ಬರೆದುಕೊಂಡು ಬರಲಿ. ಬರೆಯದೆ ಬಂದರೆ ಮೊದಲು ಮಾತಾಡಿದವರ ಉತ್ತರಕ್ಕೇ ಇನ್ನೊಬ್ಬರು ತಲೆ ಆಡಿಸಿಬಿಡುತ್ತಾರೆ.

ಈಗ ಗಣ. ಮಖಾ ರಾಕ್ಷಸ ಗಣ, ಹಸ್ತಾ ದೇವ ಗಣ, ಅದಕ್ಕೆ ಸೊನ್ನೆ. ಈ ಹೆಸರೇ ಎಷ್ಟೋ ಹೆಣ್ಣುಮಕ್ಕಳ ಮನಸ್ಸು ಮುರಿದಿದೆ. 27 ನಕ್ಷತ್ರಗಳಲ್ಲಿ 9 ರಾಕ್ಷಸ ಗಣದವು. ಊರಿನ ಮೂರರಲ್ಲೊಂದು ಪಾಲು ಜನ ಆ ಗಣದವರೇ, ಅವರಲ್ಲಿ ಗಂಡಸರೂ ಅಷ್ಟೇ ಇದ್ದಾರೆ. ಅದನ್ನು ಹುಡುಗಿಯ ಸ್ವಭಾವದ ಸರ್ಟಿಫಿಕೇಟು ಮಾಡುವುದು ಅನ್ಯಾಯ. ಆದರೆ ಗಣ ಎತ್ತುವ ವಿಷಯ ಕೋಪ, ಅದನ್ನು ಇಬ್ಬರೂ ಕೇಳಲೇಬೇಕು. "ನಿಮಗೆ ಕೋಪ ಬರುತ್ತಾ?" ಅಂತ ಕೇಳಿದರೆ "ಇಲ್ಲ, ಅಷ್ಟೇನಿಲ್ಲ" ಅನ್ನುವ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. "ಕಳೆದ ಸಲ ಮನೆಯಲ್ಲಿ ಯಾವ ವಿಷಯಕ್ಕೆ ಜಗಳ ಆಯ್ತು? ಆಮೇಲೆ ನೀವು ಎಷ್ಟು ದಿನ ಮಾತು ಬಿಟ್ಟಿರಿ? ಮೊದಲು ಮಾತಾಡಿಸಿದ್ದು ಯಾರು?" ಅಂತ ಕೇಳಿ. ನಡೆದದ್ದನ್ನು ಕೇಳಿದರೆ ನಡೆದದ್ದು ಹೊರಗೆ ಬರುತ್ತದೆ. "ಅಮ್ಮನ ಎದುರಿಗೆ ನಾನು ನಿಮ್ಮ ಮಾತು ಒಪ್ಪದಿದ್ದರೆ ಆಗ ಏನು ಮಾಡ್ತೀರಿ?" ಎನ್ನುವುದನ್ನೂ ಹುಡುಗಿ ಕೇಳಬೇಕು. ಕೈ ಎತ್ತುವುದು ತಪ್ಪಲ್ಲ ಎನ್ನುವ ಅರ್ಥ ಯಾರ ಉತ್ತರದಲ್ಲಾದರೂ ಬಂದರೆ, ಗಣಕ್ಕೆ ಆರಕ್ಕೆ ಆರು ಬಂದಿದ್ದರೂ ಅಲ್ಲಿಗೆ ನಿಲ್ಲಿಸಿ.

ಈ ಚೀಟಿಯಲ್ಲಿ ಹೆಚ್ಚು ಹೊತ್ತು ಬೇಡುವುದು ರಾಶಿಕೂಟ. ಸಿಂಹದಿಂದ ಎಣಿಸಿದರೆ ಕನ್ಯಾ ಎರಡನೆಯದು, ಕನ್ಯಾದಿಂದ ಎಣಿಸಿದರೆ ಸಿಂಹ ಹನ್ನೆರಡನೆಯದು. ಇದಕ್ಕೆ ದ್ವಿರ್ದ್ವಾದಶ ಅನ್ನುತ್ತಾರೆ, ಗುಣ ಸೊನ್ನೆ. ಜಾತಕದಲ್ಲಿ ಎರಡನೆಯ ಮನೆ ಧನ ಮತ್ತು ಕುಟುಂಬ, ಹನ್ನೆರಡನೆಯದು ವ್ಯಯ. ಇದನ್ನೇ "ಹುಡುಗಿ ಬಂದ್ರೆ ಹುಡುಗನಿಗೆ ಖರ್ಚು" ಅಂತ ಒಂದೇ ಸಾಲಿಗೆ ಇಳಿಸಿದರೆ ಕೇಳಿದ ಅತ್ತೆ ಅದನ್ನು ಜನ್ಮಪೂರ್ತಿ ಮರೆಯುವುದಿಲ್ಲ. ರಾಶ್ಯಾಧಿಪತಿಗಳಲ್ಲಿ ಮೈತ್ರಿ ಇದ್ದರೆ ಈ ದೋಷ ಬಾಧಿಸದು ಎನ್ನುವ ಜೋಯಿಸರೂ ಇದ್ದಾರೆ. ಇಲ್ಲಿ ಕನ್ಯಾದ ಅಧಿಪತಿ ಬುಧನಿಗೆ ಸಿಂಹದ ಅಧಿಪತಿ ರವಿ ಮಿತ್ರ, ರವಿಗೆ ಬುಧ ಸಮ, ಅಂದರೆ ಮಿತ್ರನೂ ಅಲ್ಲ ಶತ್ರುವೂ ಅಲ್ಲ.

ಅದು ಶಾಸ್ತ್ರದ ಮಾತಾಯಿತು. ಇವರಿಬ್ಬರ ಬದುಕಿನಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಅವಳಿಗೆ ತಿಂಗಳ ಕೊನೆಗೆ ಸಂಬಳ ಬರುತ್ತದೆ. ಅವನಿಗೆ ಕೊಯ್ಲು ಮುಗಿದು, ಅಡಿಕೆ ಬೇಯಿಸಿ ಒಣಗಿಸಿ ಮಾರಿದ ಮೇಲೆ ಒಮ್ಮೆಗೇ ದುಡ್ಡು ಬರುತ್ತದೆ. ಉಳಿದ ತಿಂಗಳುಗಳಲ್ಲಿ ಗೊಬ್ಬರ, ಆಳಿನ ಕೂಲಿ ಎಲ್ಲ ಕೈಯಿಂದ ಹೋಗುತ್ತಲೇ ಇರುತ್ತದೆ. ಆ ತಿಂಗಳುಗಳಲ್ಲಿ ಮನೆ ನಡೆಯುವುದು ಯಾರ ದುಡ್ಡಿನಲ್ಲಿ? ಅವಳ ಸಂಬಳದಲ್ಲಿ ಎಂದಾದರೆ ಅದು ಮದುವೆಗೆ ಮೊದಲೇ ಅವಳಿಗೆ ತಿಳಿದಿರಬೇಕು. ಸಂಬಳ 30,000 ಅಂತ ಇಟ್ಟುಕೊಳ್ಳಿ. ಅದರಲ್ಲಿ 5,000 ತವರಿಗೆ ಕೊಡುತ್ತಿದ್ದರೆ ಮದುವೆಯ ಮೇಲೂ ಕೊಡಬಹುದೇ? ಉಳಿದದ್ದರಲ್ಲಿ ಮನೆಗೆ ಎಷ್ಟು, ಅವಳ ಹೆಸರಿನ ಖಾತೆಯಲ್ಲಿ ಎಷ್ಟು? ಎಟಿಎಂ ಕಾರ್ಡು ಯಾರ ಹತ್ತಿರ? ಇದನ್ನು ಅಂಕಿಯಲ್ಲೇ ಬರೆಯಬೇಕು. "ಹೊಂದಿಕೊಂಡು ಹೋಗೋಣ" ಅಂತ ಬರೆದದ್ದು ಉತ್ತರವಲ್ಲ.

ಸಾಲವನ್ನೂ ಹೀಗೇ ಕೇಳಬೇಕು. ಬೆಳೆಸಾಲ ಎಷ್ಟಿದೆ, ಬೋರ್‌ವೆಲ್‌ಗೆ ತೆಗೆದದ್ದು ಎಷ್ಟು ಉಳಿದಿದೆ, ಬಂಗಾರ ಅಡವಿಟ್ಟಿದ್ದಾರಾ, ಈ ಮದುವೆಗೆ ಎಂದೇ ಹೊಸ ಸಾಲ ಮಾಡುತ್ತಿದ್ದಾರಾ? ಮಳೆ ಕೈಕೊಟ್ಟ ವರ್ಷ ತೋಟ ಉಳಿಸಲು ಟ್ಯಾಂಕರ್ ನೀರು ಹೊಡೆಸಬೇಕಾಗುತ್ತದೆ. ಆಗ ಅವಳ ಒಡವೆ ಕೇಳುತ್ತೀರಾ, ಕೇಳಿದರೆ ಬೇಡ ಎನ್ನುವ ಹಕ್ಕು ಅವಳಿಗಿದೆಯಾ? ಕೇಳಲು ಸಂಕೋಚವಾಗುತ್ತದೆ ನಿಜ. ಆ ಸಂಕೋಚಕ್ಕೇ ಚೀಟಿ ಆಸರೆ. "ದ್ವಿರ್ದ್ವಾದಶ ಬಂದಿದೆಯಂತೆ, ದುಡ್ಡಿನ ವಿಷಯ ಮಾತಾಡ್ಕೊಳ್ಳಿ ಅಂದ್ರು" ಎಂದು ಶುರು ಮಾಡಿದರೆ ಯಾರಿಗೂ ಬೇಜಾರಾಗುವುದಿಲ್ಲ.

ಗ್ರಹಮೈತ್ರಿಗೆ ಐದಕ್ಕೆ ನಾಲ್ಕು ಬಂದಿದೆ, ಅಲ್ಲಿ ಹೆಚ್ಚು ನಿಲ್ಲಬೇಕಿಲ್ಲ. ಅವಳು ಕೆಲಸ ಬಿಡಬೇಕೆಂಬ ನಿರೀಕ್ಷೆ ಇದೆಯಾ, ರಾತ್ರಿ ಪಾಳಿ ಇದ್ದಾಗ ಊರಿಂದ ದಾವಣಗೆರೆಗೆ ಓಡಾಟ ಹೇಗೆ, ಬೇರೆ ಮನೆ ಮಾಡುವ ಮಾತು ಬಂದರೆ ಏನು, ಇಷ್ಟನ್ನು ಅಲ್ಲಿ ಕೇಳಿ ಮುಂದೆ ಹೋಗಬಹುದು.

ನಾಡಿಯದು ತದ್ವಿರುದ್ಧ. ಸೊನ್ನೆ ಬಂದ ಕಡೆ ಜನ ಹೆದರುತ್ತಾರೆ, ಪೂರ್ತಿ ಬಂದ ಕಡೆ ಬಾಯಿ ಮುಚ್ಚಿಬಿಡುತ್ತಾರೆ. ನಾಡಿ ಬೇರೆ ಬೇರೆ ಆಗಿ 8 ಬಂತೆಂದರೆ ಮಕ್ಕಳ ಚಿಂತೆ ಇಲ್ಲ ಅಂದುಕೊಳ್ಳುತ್ತಾರೆ. ನಾಡಿಗೂ ರಕ್ತದ ಗುಂಪಿಗೂ ಸಂಬಂಧವಿಲ್ಲ, ವಂಶದಲ್ಲಿ ಹರಿದು ಬರುವ ಕಾಯಿಲೆಗೂ ಸಂಬಂಧವಿಲ್ಲ. ನಮ್ಮ ಕಡೆ ಸೋದರತ್ತೆ ಮಗ, ಸೋದರಮಾವ ಎಂದು ಒಳಸಂಬಂಧದಲ್ಲೇ ಕೊಟ್ಟು ತರುವುದು ಇನ್ನೂ ಇದೆ. ಅತ್ತೆ ಮಗನ ನಾಡಿ ಬೇರೆಯಾದ ಮಾತ್ರಕ್ಕೆ ಒಂದೇ ಅಜ್ಜ ಅಜ್ಜಿಯಿಂದ ಇಬ್ಬರಿಗೂ ಬಂದಿರಬಹುದಾದ ದೋಷ ಕಳೆಯುವುದಿಲ್ಲ. ಅಂಥ ಸಂಬಂಧವಾದರೆ ಮನೆತನದಲ್ಲಿ ಹುಟ್ಟಿನಿಂದ ಕಿವಿ ಕೇಳದವರು, ಬುದ್ಧಿ ಬೆಳವಣಿಗೆ ಇಲ್ಲದವರು, ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳು ಇದ್ದಾರಾ ಎಂದು ಬರೆದುಕೊಂಡು ವೈದ್ಯರ ಹತ್ತಿರ ಹೋಗಿ. ಬೇರೆ ಮನೆತನವಾದರೂ ಮಕ್ಕಳು ಯಾವಾಗ, ಮಗು ನಿಧಾನವಾದರೆ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳುತ್ತೀರಾ, ಈಗ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿ. ಗುಳಿಗೆ ಬಚ್ಚಿಟ್ಟುಕೊಂಡು ನುಂಗುವ ಸೊಸೆಯಂದಿರೂ ಇದ್ದಾರೆ, ಅಳಿಯಂದಿರೂ ಇದ್ದಾರೆ.

ಕುಜದೋಷದ ಬಗ್ಗೆಯೂ ಒಂದು ಮಾತು. ಹುಟ್ಟಿದ ಹೊತ್ತಿಗೆ ಮೂಡಣದಲ್ಲಿ ಏಳುತ್ತಿದ್ದ ರಾಶಿಗೆ ಜಾತಕದಲ್ಲಿ ಲಗ್ನ ಅನ್ನುತ್ತಾರೆ, ಅಲ್ಲಿಂದ ಎಣಿಸಿ 2, 4, 7, 8, 12ನೆಯ ಮನೆಯಲ್ಲಿ ಕುಜ ಇದ್ದರೆ ದೋಷ ಅನ್ನುತ್ತಾರೆ. ಹನ್ನೆರಡು ಮನೆಯಲ್ಲಿ ಐದು ಮನೆ, ಅಂದರೆ ಹತ್ತಿರ ಹತ್ತಿರ ಅರ್ಧ ಜನಕ್ಕೆ ಅದು ಇದ್ದೇ ಇರುತ್ತದೆ. ಮೇಲಾಗಿ ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ. "ಹಾಲು ಕರೆಯೋ ಹೊತ್ತಲ್ಲಿ ಹುಟ್ಟಿದ" ಎಂಬ ನೆನಪಿನ ಮೇಲೆ ಬರೆದ ಜಾತಕದಲ್ಲಿ ದೋಷ ಇದೆ ಎನ್ನುವುದೂ ಇಲ್ಲ ಎನ್ನುವುದೂ ಅಷ್ಟೇ ಸಡಿಲ.

ಮಾತು ಮುಗಿದ ಮೇಲೆ ಇಬ್ಬರೂ ಒಂದು ಒಪ್ಪಂದ ಮಾಡಿಕೊಳ್ಳಬೇಕು. ಮುಂದೆ ಯಾವ ಜಗಳದಲ್ಲೂ "ಅವತ್ತೇ ಜೋಯಿಸರು ಹೇಳಿದ್ರು, ನಿನ್ನ ಗಣವೇ ಅಂಥಾದ್ದು" ಎನ್ನುವ ಮಾತು ಬರಬಾರದು. ಆ ಚೀಟಿ ಅತ್ತೆಯ ಪೆಟ್ಟಿಗೆ ಸೇರುವುದೂ ಬೇಡ.

ಆಮೇಲೆ ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಉತ್ತರ ಬೇರೆ ಬೇರೆ ಇರುವ ಕಡೆ ಗಾಬರಿ ಬೇಡ, ಅಲ್ಲಿ ಮಾತು ಆಗಲೇ ಶುರುವಾಗಿದೆ. ಖಾಲಿ ಬಿಟ್ಟ ಸಾಲುಗಳ ಮೇಲೆ ಬೆರಳಿಡಿ. ಸಂಬಳದ ಎದುರಿಗೋ, ಸಾಲದ ಎದುರಿಗೋ ಒಬ್ಬರು ಏನೂ ಬರೆದಿಲ್ಲ ಎಂದಾದರೆ, ವೀಳ್ಯಶಾಸ್ತ್ರಕ್ಕೆ ದಿನ ನೋಡಿಸುವ ಮೊದಲು ಆ ಒಂದು ಸಾಲಿಗಾಗಿಯೇ ಇನ್ನೊಮ್ಮೆ ಕೂರಲಿ. ಹಿರಿಯರು ಒಂದು ವಾರ ಕಾಯಬೇಕಾಗಬಹುದು, ಕಾಯಿರಿ.

ನಮಸ್ಕಾರ.