ಕನಸಿನ ಅರ್ಥ ಹುಡುಕುವ ಮುನ್ನ

ಕೇಳುಗರಿಗೆ ನಮಸ್ಕಾರ.

ಹಲ್ಲು ಬಿದ್ದ ಹಾಗೆ ಕನಸು ಬಿದ್ದರೆ ಮನೆಯ ಹಿರಿಯರಿಗೆ ಕೇಡು, ಹಾವು ಕಂಡರೆ ನಾಗರ ಹರಕೆ ಬಾಕಿ, ತೀರಿಹೋದವರು ಬಂದು ಏನಾದರೂ ಕೇಳಿದರೆ ಅವರಿಗೆ ಸಮಾಧಾನ ಆಗಿಲ್ಲ. ನಮ್ಮ ಚಿತ್ರದುರ್ಗದ ಕಡೆ ಇಂಥ ಮಾತು ಕೇಳದ ಮನೆ ಇಲ್ಲ. ಕನಸು ಕಂಡವರು ಬೆಳಗ್ಗೆ ಎದ್ದ ಕೂಡಲೇ ಕೇಳುವ ಮೊದಲ ಪ್ರಶ್ನೆ, ಇದರ ಅರ್ಥ ಏನು? ನಮ್ಮ ಹಳೆಯ ಚಿಂತಕರು ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಕೇಳಿದರು. ಈ ಕನಸು ಯಾವುದರಿಂದ ಆಯಿತು? ಇವತ್ತು ಆ ಪ್ರಶ್ನೆಯ ಹಿಂದೆ ಹೋಗೋಣ.

ಮಾಂಡೂಕ್ಯ ಉಪನಿಷತ್ತು ತುಂಬ ಚಿಕ್ಕದು, ಬರೀ 12 ಮಂತ್ರ. ಅದರಲ್ಲಿ ಎಚ್ಚರ, ಕನಸು, ಗಾಢ ನಿದ್ದೆ ಎಂಬ ಮೂರು ಅವಸ್ಥೆಗಳ ಮಾತು ಬರುತ್ತದೆ. ಎಚ್ಚರದಲ್ಲಿ ನಮ್ಮ ಅರಿವು ಹೊರಗೆ ತಿರುಗಿರುತ್ತದೆ. ಕನಸಿನಲ್ಲಿ ಒಳಗೆ ತಿರುಗಿರುತ್ತದೆ. ಎಚ್ಚರದವನಿಗೆ 19 ಬಾಯಿ, ಅಂದರೆ ಲೋಕವನ್ನು ಅನುಭವಿಸುವ 19 ದಾರಿ, ಎನ್ನುತ್ತದೆ ಉಪನಿಷತ್ತು. ಭಾಷ್ಯಕಾರರ ಲೆಕ್ಕದಲ್ಲಿ ಅವು ಕಣ್ಣು ಕಿವಿಯಂಥ ಐದು, ಕೈ ಕಾಲಿನಂಥ ಐದು, ಐದು ಪ್ರಾಣ, ಜೊತೆಗೆ ಮನಸ್ಸು, ಬುದ್ಧಿ, ಅಹಂಕಾರ, ಚಿತ್ತ. ನನಗೆ ಬಹಳ ಮುಖ್ಯ ಅನ್ನಿಸುವುದು ಮುಂದಿನ ಮಾತು. ಕನಸಿನವನಿಗೂ ಅದೇ 19 ಬಾಯಿ. ಒಂದು ಜಾಸ್ತಿ ಇಲ್ಲ, ಒಂದು ಕಡಿಮೆ ಇಲ್ಲ. ಕನಸಿಗೆ ಅಂತ ಬೇರೆ ವಿಶೇಷ ಕಣ್ಣು ಕೊಟ್ಟಿಲ್ಲ.

ಹಾಗಾದರೆ ಕನಸಿನ ಸಾಮಾನು ಬಂದದ್ದು ಎಲ್ಲಿಂದ? ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಇದನ್ನು ಜನಕರಾಜನಿಗೆ ಹೇಳುತ್ತಾನೆ. ಅಲ್ಲಿ ರಥ ಇಲ್ಲ, ಕುದುರೆ ಇಲ್ಲ, ದಾರಿಯೂ ಇಲ್ಲ. ಕನಸು ಕಾಣುವವನೇ ಅವನ್ನೆಲ್ಲ ಮಾಡಿಕೊಳ್ಳುತ್ತಾನೆ. ಈ ಲೋಕದ ಚೂರನ್ನೇ ಎತ್ತಿಕೊಂಡು, ತಾನೇ ಮುರಿದು, ತಾನೇ ಕಟ್ಟುತ್ತಾನೆ. ನಮ್ಮ ಹಳ್ಳಿಗಳಲ್ಲಿ ಹಳೆ ಸೀರೆ, ಹಳೆ ಪಂಚೆ ಸೇರಿಸಿ ಕೌದಿ ಹೊಲಿಯುತ್ತಾರಲ್ಲ, ಹಾಗೆ. ಕೌದಿಯ ವಿನ್ಯಾಸ ಹೊಸದು, ತುಂಡುಗಳು ಮಾತ್ರ ಮನೆಯವೇ.

ಮೂರನೆಯದು ಗಾಢ ನಿದ್ದೆ. ಅಲ್ಲಿ ಆಸೆಯೂ ಇಲ್ಲ, ಕನಸೂ ಇಲ್ಲ. ಆದರೂ ಎದ್ದ ಮೇಲೆ "ಏನೂ ಗೊತ್ತಾಗಲಿಲ್ಲ, ಒಳ್ಳೆ ನಿದ್ದೆ ಬಂತು" ಅಂತೀವಿ. ಏನೂ ಇರಲಿಲ್ಲ ಎಂದು ಹೇಳುವುದಕ್ಕಾದರೂ ಅಲ್ಲಿ ಒಬ್ಬ ಇದ್ದಿರಬೇಕು, ಅಲ್ವಾ? ವೇದಾಂತಿಗಳ ದೊಡ್ಡ ಚರ್ಚೆ ಇಲ್ಲಿಂದ ಶುರುವಾಗುತ್ತದೆ. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟೇ: ಕನಸು ಈ ನಿದ್ದೆಗೂ ಎಚ್ಚರಕ್ಕೂ ನಡುವೆ ಹುಟ್ಟುತ್ತದೆ. ಆಯುರ್ವೇದದ ಹಳೆಯ ಗ್ರಂಥ ಚರಕ ಸಂಹಿತೆಯೂ ಇದನ್ನೇ ಹೇಳುತ್ತದೆ. ಪೂರ್ತಿ ನಿದ್ದೆ ಹೋಗಿರದ ಮನುಷ್ಯ ಮನಸ್ಸಿನಿಂದ ಕನಸು ಕಾಣುತ್ತಾನೆ. ಆ ಕನಸಿಗೆ ಫಲ ಇರಬಹುದು, ಇಲ್ಲದೆಯೂ ಇರಬಹುದು.

ಯಾವುದಕ್ಕೆ ಫಲ, ಯಾವುದಕ್ಕೆ ಇಲ್ಲ ಎಂದು ಚರಕ ಜರಡಿ ಹಿಡಿಯುತ್ತಾನೆ. ಕನಸು ಏಳು ಬಗೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಮುಂದೆ ಆಗುವುದನ್ನು ತೋರುವಂಥದ್ದು, ಕೊನೆಗೆ ವಾತ ಪಿತ್ತ ಕಫ ಕೆಟ್ಟು ಬರುವಂಥದ್ದು. ಇದರಲ್ಲಿ ಮೊದಲಿನ ಐದಕ್ಕೆ ಫಲವೇ ಇಲ್ಲ ಎಂದು ವೈದ್ಯ ತಿಳಿಸಬೇಕು ಅಂತಾನೆ. ಹಗಲು ನಿದ್ದೆಯ ಕನಸಿಗೂ ಇಲ್ಲ, ತೀರಾ ಚುಟುಕು ಕನಸಿಗೂ ಇಲ್ಲ, ತೀರಾ ಉದ್ದದ್ದಕ್ಕೂ ಇಲ್ಲ. ಕನಸಿಗೆ ಫಲ ಉಂಟು ಎಂದು ನಂಬಿದ ಗ್ರಂಥವೇ ಇಷ್ಟನ್ನು ಪಕ್ಕಕ್ಕೆ ಇಟ್ಟಿದೆ. ಕನಸಿನ ಫಲ ಹೇಳುವವರು ಈ ಸಾಲುಗಳನ್ನು ಯಾಕೋ ಹೇಳುವುದಿಲ್ಲ. ಹೇಳಿದ್ದರೆ ಎಷ್ಟೋ ಮನೆಗಳ ಭಯ ಕಡಿಮೆ ಆಗುತ್ತಿತ್ತು.

ಒಂದು ಉದಾಹರಣೆ ಕೇಳಿ. ಚಳ್ಳಕೆರೆ ಕಡೆಯ ಒಬ್ಬ ತಾಯಿ, ನನಗೆ ಪರಿಚಯದವರು. ಅವರ ಕನಸಿನಲ್ಲಿ ತೀರಿಹೋದ ಅತ್ತೆ ಹೊಲದ ಬದುವಿನ ಮೇಲೆ ನಿಂತಿದ್ದರಂತೆ. ಪಕ್ಕದಲ್ಲಿ ಬೋರು, ಅದರಿಂದ ನೀರಿನ ಬದಲು ಬೂದಿಯಂಥ ಧೂಳು ಏಳುತ್ತಿತ್ತು. ಅತ್ತೆ "ಬಾಯಾರಿದೆ, ನೀರು ಕೊಡವ್ವಾ" ಅಂದರು. ಇವರ ಕೈಯಲ್ಲಿ ಖಾಲಿ ಚೊಂಬು. ಬೆಚ್ಚಿ ಎದ್ದರು. ಅತ್ತೆ ಯಾರನ್ನೋ ಕರೆಯಲು ಬಂದಿದ್ದಾರೆ, ಶಾಂತಿ ಮಾಡಿಸಿ ಎಂದು ಯಾರೋ ಹೇಳಿದರು. ಕೆಲವು ಸಾವಿರದ ಖರ್ಚು. ಶೇಂಗಾ ಇನ್ನೂ ಹೊಲದಲ್ಲೇ ಇತ್ತು, ಕೈಯಲ್ಲಿ ದುಡ್ಡಿರಲಿಲ್ಲ.

ನಾವಿಬ್ಬರೂ ಕೂತು ಒಂದೊಂದೇ ಎಳೆ ಬಿಡಿಸಿದೆವು. ಹಿಂದಿನ ದಿನ ಪಕ್ಕದ ಹೊಲದಲ್ಲಿ ಬೋರು ಕೊರೆದಿದ್ದರು. ನೀರು ಬರಲಿಲ್ಲ, ಧೂಳು ಎದ್ದಿತ್ತು. ಇವರು ನಿಂತು ನೋಡಿದ್ದರು. ಅದು ಕಂಡದ್ದು. ಮಹಾಲಯ ಅಮಾವಾಸ್ಯೆ ಹತ್ತಿರ ಬಂದಿತ್ತು, ಹಿರಿಯರಿಗೆ ಎಡೆ ಇಡುವ ಮಾತು ಮನೆಯಲ್ಲಿ ನಡೆದಿತ್ತು. ಅದು ಕೇಳಿದ್ದು. ಅತ್ತೆ ಹಾಸಿಗೆ ಹಿಡಿದಾಗ ರಾತ್ರಿಯೆಲ್ಲ ನೀರು ಕೇಳುತ್ತಿದ್ದರು, ಎದ್ದು ಕೊಟ್ಟವರು ಈ ಸೊಸೆಯೇ. ಅದು ಅನುಭವಿಸಿದ್ದು. ತಮ್ಮ ಹೊಲಕ್ಕೂ ನೀರು ಬೇಕೆಂಬ ಆಸೆ ಇದ್ದೇ ಇತ್ತು. ಅದು ಬಯಸಿದ್ದು.

ಆಮೇಲೆ ಕೇಳಿದೆ, ಎದ್ದಾಗ ಮೈ ಹೇಗಿತ್ತು? ಗಂಟಲು ಒಣಗಿತ್ತು, ಎದೆ ಉರಿಯುತ್ತಿತ್ತು ಅಂದರು. ಸಂಜೆ ದಾವಣಗೆರೆಯಿಂದ ಬಂದ ಮಗ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬಂದಿದ್ದ. ರಾತ್ರಿ ಹೊತ್ತಾಗಿ ಅದನ್ನೇ ತಿಂದು ಮಲಗಿದ್ದರು. ಕನಸಿನ ಬಾಯಾರಿಕೆ ಅವರದೇ ಬಾಯಾರಿಕೆ. ಅದನ್ನು ಮನಸ್ಸು ಅತ್ತೆಯ ಬಾಯಲ್ಲಿ ಇಟ್ಟಿತ್ತು. ಇದು ಚರಕನ ಏಳನೆಯ ಬಗೆಗೆ ಹತ್ತಿರ. ಇಂಥ ಕನಸು ಹೇಳುವುದು ಮೈಯ ಸ್ಥಿತಿಯನ್ನು.

ಯಾವ ಹೊತ್ತು ಎಂದೂ ಕೇಳಿದೆ. ಮಲಗಿ ಜಾಸ್ತಿ ಹೊತ್ತಾಗಿರಲಿಲ್ಲ. ಎದ್ದು ನೀರು ಕುಡಿದು ಮತ್ತೆ ಬೆಳಗಿನ ತನಕ ಮಲಗಿದ್ದರು. ರಾತ್ರಿಯ ಮೊದಲ ಭಾಗದ ಕನಸಿಗೆ ಫಲ ಅಲ್ಪ, ಕಂಡ ಮೇಲೆ ಮತ್ತೆ ನಿದ್ದೆ ಹೋಗದಿದ್ದರೆ ಮಾತ್ರ ಫಲ ದೊಡ್ಡದು ಎಂದು ಚರಕನ ಮಾತು. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ನಮ್ಮ ನಂಬಿಕೆ ಇದಕ್ಕೆ ಹತ್ತಿರ ಇದೆ. ಈಗಿನ ನಿದ್ರಾ ವಿಜ್ಞಾನ ಇದಕ್ಕೆ ಬೇರೆ ಕಾರಣ ಕೊಡುತ್ತದೆ. ರಾತ್ರಿಯ ಮೊದಲರ್ಧದಲ್ಲಿ ಗಾಢ ನಿದ್ದೆ ಜಾಸ್ತಿ. ಕಣ್ಣುಗುಡ್ಡೆ ಚುರುಕಾಗಿ ಓಡಾಡುವ ನಿದ್ದೆ, ಅಂದರೆ ಕನಸು ದಟ್ಟವಾಗಿ ಬೀಳುವ ನಿದ್ದೆ, ಬೆಳಗಿನ ಕಡೆಗೆ ಜಾಸ್ತಿ. ಅದರ ನಡುವೆಯೇ ಎಚ್ಚರ ಆದರೆ ಕನಸು ನೆನಪಿನಲ್ಲಿ ಉಳಿಯುತ್ತದೆ. ನೆನಪಿದ್ದದ್ದನ್ನು ಮುಂದೆ ನಡೆದದ್ದಕ್ಕೆ ಹೊಂದಿಸಿಕೊಳ್ಳುತ್ತೇವೆ. ಮರೆತ ಕನಸು ಸುಳ್ಳಾಯಿತೆಂದು ಲೆಕ್ಕ ಇಡುವವರು ಯಾರು?

ಉಳಿದದ್ದು ಆರನೆಯ ಬಗೆ, ಮುಂದಿನದನ್ನು ತೋರುವ ಕನಸು. ಬ್ರಹ್ಮಸೂತ್ರವೂ ಕನಸು ಸೂಚನೆ ಕೊಡಬಲ್ಲದು ಎಂದು ಒಪ್ಪುತ್ತದೆ. ಆದರೆ ಅದಕ್ಕೆ ಭಾಷ್ಯ ಬರೆದ ಶಂಕರರು ಅಲ್ಲಿ ಎಚ್ಚರಿಕೆ ಹೇಳುತ್ತಾರೆ. ಸೂಚನೆಯಾದ ಸಂಗತಿ ನಿಜವಾಗಬಹುದು, ಆಗಲಿ. ಕನಸಿನಲ್ಲಿ ಕಂಡ ವಸ್ತು ಮಾತ್ರ ನಿಜವಲ್ಲ, ಎದ್ದ ಕೂಡಲೇ ಅದು ಇಲ್ಲವಾಗುತ್ತದೆ. ಅಂದರೆ ಬದುವಿನ ಮೇಲೆ ನಿಂತವರು ಆ ಅತ್ತೆ ಅಲ್ಲ. ಈ ಮಾತು ಕೇಳಿ ಆ ತಾಯಿ ಸ್ವಲ್ಪ ಹೊತ್ತು ಅತ್ತರು. ಶಾಂತಿ ಮಾಡಿಸಲಿಲ್ಲ. ಅಮಾವಾಸ್ಯೆಗೆ ಎಂದಿನಂತೆ ಎಡೆ ಇಟ್ಟರು.

ನೀವೂ ಹೀಗೆ ಬಿಡಿಸಿ ನೋಡುವುದಾದರೆ, ಕನಸನ್ನು ಬೇರೆಯವರಿಗೆ ಹೇಳುವ ಮೊದಲೇ ಬರೆದಿಡಿ. ಹೇಳುತ್ತಾ ಹೇಳುತ್ತಾ ಹೊಸದು ಸೇರಿಬಿಡುತ್ತದೆ. ಎದ್ದಾಗ ಹೊಟ್ಟೆ, ಗಂಟಲು, ಉಸಿರು ಹೇಗಿತ್ತು ಎಂಬುದನ್ನೂ ಬರೆಯಿರಿ. ಒಂದೇ ಭಯದ ಕನಸು ಪದೇ ಪದೇ ಬಂದು ನಿದ್ದೆ ಕೆಡಿಸಿದರೆ ವೈದ್ಯರ ಹತ್ತಿರ ಹೋಗಿ. ಮನೆಯಲ್ಲಿ ವಯಸ್ಸಾದವರು ಕನಸಿನಲ್ಲೇ ಕೈ ಕಾಲು ಬೀಸಿ ಪಕ್ಕದವರಿಗೆ ಹೊಡೆಯುತ್ತಿದ್ದರೆ, ಮಂಚದಿಂದ ಬೀಳುತ್ತಿದ್ದರೆ, ದೆವ್ವ ಗಾಳಿ ಅಂತ ಕೂರಬೇಡಿ. ಕನಸಿನ ಹೊತ್ತಿನಲ್ಲಿ ಸಾಮಾನ್ಯವಾಗಿ ಸಡಿಲವಾಗಿ ಬಿದ್ದಿರಬೇಕಾದ ಮೈ ಹಾಗೆ ಇಲ್ಲ ಎಂದು ಅದರ ಅರ್ಥ ಇರಬಹುದು. ನರರೋಗ ತಜ್ಞರಿಗೆ ತೋರಿಸಿ.

ನಮಸ್ಕಾರ.