ಒಳಗೆ ಬರಲು ಪುಕ್ಕಟೆ, ಹೊರಗೆ ಹೋಗಲು ಟೋಲು

ನಮಸ್ಕಾರ. ತಲಪಾಡಿ ಟೋಲ್ ಗೇಟ್ ಗೊತ್ತಲ್ವಾ? ಕಾಸರಗೋಡಿನಿಂದ ಮಂಗಳೂರಿಗೆ ಹೋಗುವಾಗ ಕೊಡುತ್ತೇವೆ, ವಾಪಸ್ ಬರುವಾಗಲೂ ಕೊಡುತ್ತೇವೆ. ಕ್ಲೌಡ್‌ನವರ ಗೇಟ್ ಹಾಗಲ್ಲ. ನಮ್ಮ ಡೇಟಾ ಒಳಗೆ ಹೋಗಲು ಪುಕ್ಕಟೆ, ದುಡ್ಡು ಕೇಳುವುದು ಹೊರಗೆ ಬರುವಾಗ ಮಾತ್ರ. ಅದಕ್ಕೆ ಎಗ್ರೆಸ್ ಚಾರ್ಜ್ ಅಂತ ಹೆಸರು.

ಬದಿಯಡ್ಕದಲ್ಲಿ ನನ್ನ ಭಾವನದ್ದೊಂದು ಸ್ಟುಡಿಯೋ ಇದೆ. ಇಡೀ ರಾತ್ರಿಯ ಯಕ್ಷಗಾನ ಶೂಟ್ ಮಾಡಿ ಮಾಡಿ 10 ಟಿಬಿ ವಿಡಿಯೋ ಸೇರಿತ್ತು. ಎಲ್ಲವನ್ನೂ ಒಂದು ದೊಡ್ಡ ಕ್ಲೌಡ್ ಕಂಪನಿಯ ಮುಂಬೈ ರೀಜನ್‌ನಲ್ಲಿ ಇಟ್ಟಿದ್ದ. ಜಿಬಿಗೆ ತಿಂಗಳಿಗೆ ಎರಡೂವರೆ ಸೆಂಟ್, ಅಂದರೆ 250 ಡಾಲರ್ ಬಾಡಿಗೆ. ಬೇರೆ ಕಡೆ 60 ಡಾಲರಿಗೆ ಸಿಗುತ್ತದೆ ಅಂತ ಗೊತ್ತಾಯಿತು. "ಭಾವಾ, ನಾಳೆಯೇ ಎತ್ತಿಬಿಡುವಾ" ಅಂದ.

ತಡಿ, ಮೊದಲು ಲೆಕ್ಕ ಹಾಕುವಾ ಅಂದೆ. ಹೊರಗೆ ತರಲು ಜಿಬಿಗೆ ಸುಮಾರು 11 ಸೆಂಟ್. 10 ಟಿಬಿಗೆ 1,100 ಡಾಲರ್. ನಾಲ್ಕು ತಿಂಗಳ ಬಾಡಿಗೆಗಿಂತ ಜಾಸ್ತಿ! ಹೊಸ ಜಾಗದಲ್ಲಿ ತಿಂಗಳಿಗೆ ಉಳಿಯುವುದು 190 ಡಾಲರ್. ಅಂದರೆ ಹೋದ ದುಡ್ಡು ವಾಪಸ್ ಬರಲು ಹತ್ತಿರ ಹತ್ತಿರ ಆರು ತಿಂಗಳು. ಅಷ್ಟಾದರೆ ಅಡ್ಡಿಯಿಲ್ಲ ಅನ್ನಿಸಿತು.

ಮನೆಗೆ ಇಳಿಸಿಕೊಂಡು ಮತ್ತೆ ಏರಿಸುವ ಯೋಚನೆ ಬಿಟ್ಟೆವು. 100 ಎಂಬಿಪಿಎಸ್ ಲೈನು ಒಂದು ನಿಮಿಷವೂ ನಿಲ್ಲದೆ ಓಡಿದರೂ ಇಳಿಸಲಿಕ್ಕೇ ಒಂಬತ್ತು ದಿನ ಬೇಕು. ಮಳೆಗಾಲದಲ್ಲಿ ನಮ್ಮೂರಿನ ಕರೆಂಟು ಒಂಬತ್ತು ಗಂಟೆ ಹೋಗದೆ ಇದ್ದರೆ ದೊಡ್ಡದು. ಹಾಗಾಗಿ ಹಳೆ ಕ್ಲೌಡ್‌ನಲ್ಲೇ ಒಂದು ಸಣ್ಣ ಮೆಷಿನ್, ಅಂದರೆ ಬಾಡಿಗೆ ಕಂಪ್ಯೂಟರ್, ಎಬ್ಬಿಸಿ, ಅಲ್ಲಿಂದಲೇ ಕಾಪಿ ಶುರು ಮಾಡಿದೆವು.

ತಪ್ಪಾದದ್ದು ಅಲ್ಲೇ. 500 ಜಿಬಿ ಹೋದ ಮೇಲೆ ಬಿಲ್ ನೋಡಿದರೆ, 55 ಡಾಲರ್ ಇರಬೇಕಾದಲ್ಲಿ 111 ಡಾಲರ್! ಭಾವ ನನ್ನ ಮುಖ ನೋಡಿದ, ನಾನು ಸ್ಕ್ರೀನ್ ನೋಡಿದೆ.

ಆ ಮೆಷಿನ್ ಪ್ರೈವೇಟ್ ಸಬ್‌ನೆಟ್‌ನಲ್ಲಿತ್ತು, ಅಂದರೆ ಇಂಟರ್ನೆಟ್‌ಗೆ ನೇರ ದಾರಿ ಇಲ್ಲದ ಒಳಗಿನ ನೆಟ್‌ವರ್ಕ್‌ನಲ್ಲಿ. ಅದಕ್ಕೆ ಹೊರಗಿನ ದಾರಿ ಅಂದರೆ ನ್ಯಾಟ್ ಗೇಟ್‌ವೇ ಒಂದೇ. ಆ ಗೇಟ್‌ವೇ ತನ್ನ ಮೂಲಕ ಹಾದ ಪ್ರತಿ ಜಿಬಿಗೆ 5.6 ಸೆಂಟ್ ಬೇರೆಯೇ ಕೀಳುತ್ತದೆ, ಯಾವ ದಿಕ್ಕಿಗೆ ಹಾದರೂ. ಸ್ಟೋರೇಜ್‌ನಿಂದ ಮೆಷಿನ್‌ಗೆ ಬರುವಾಗ ಒಂದು ಸಲ, ಮೆಷಿನ್‌ನಿಂದ ಹೊಸ ಜಾಗಕ್ಕೆ ಹೋಗುವಾಗ ಇನ್ನೊಂದು ಸಲ. ಸ್ಟೋರೇಜೂ ಮೆಷಿನ್ನೂ ಒಂದೇ ರೀಜನ್‌ನಲ್ಲಿದ್ದವು, ಆದರೂ! ಹಾಗೇ ಬಿಟ್ಟಿದ್ದರೆ ಆರು ತಿಂಗಳ ಲೆಕ್ಕ ಒಂದು ವರ್ಷ ಆಗುತ್ತಿತ್ತು.

ಸರಿ ಮಾಡಲು ಹತ್ತು ನಿಮಿಷ ಸಾಕಾಯಿತು. ಮೆಷಿನ್ನನ್ನು ಪಬ್ಲಿಕ್ ಸಬ್‌ನೆಟ್‌ಗೆ ಹಾಕಿ ಪಬ್ಲಿಕ್ ಐಪಿ ಕೊಟ್ಟೆವು. ಸ್ಟೋರೇಜ್‌ಗೆ ಗೇಟ್‌ವೇ ಎಂಡ್‌ಪಾಯಿಂಟ್ ಹಾಕಿದೆವು, ಅಂದರೆ ನ್ಯಾಟ್ ಮುಟ್ಟದೆ ಹೋಗುವ ಒಳದಾರಿ, ಅದಕ್ಕೆ ಚಾರ್ಜ್ ಇಲ್ಲ. ನಿಮ್ಮದು ಅಮೆಜಾನ್ ಆದರೆ ಬಿಲ್‌ನಲ್ಲಿ `NatGateway-Bytes` ಅನ್ನುವ ಸಾಲು ಹುಡುಕಿ. ಕಾಪಿ ಶುರುವಾದ ಮೇಲೆ ಅದು ಉಬ್ಬುತ್ತಾ ಹೋದರೆ ನಿಮ್ಮ ಡೇಟಾನೂ ಇದೇ ಸುತ್ತುದಾರಿ ಹಿಡಿದಿದೆ ಅಂತ ಅರ್ಥ.

ಕ್ಲೌಡ್‌ನಿಂದ ಕ್ಲೌಡ್‌ಗೆ ಕಾಪಿ ಮಾಡುವ rclone ಅನ್ನುವ ಟೂಲ್‌ನಲ್ಲಿ ನಾವು ಮೊದಲೇ ಮಾಡಬೇಕಿದ್ದದ್ದು ಇಷ್ಟೇ:

```
rclone size hale:video
rclone copy hale:video hosa:video --max-transfer 50G
```

hale, hosa ಅಂದರೆ rclone ಒಳಗೆ ನಾವು ಎರಡು ಕ್ಲೌಡ್‌ಗಳಿಗೆ ಇಟ್ಟ ಹೆಸರು. ಮೊದಲನೆಯದು ಒಟ್ಟು ಎಷ್ಟಿದೆ ಅಂತ ಹೇಳುತ್ತದೆ. ಎರಡನೆಯದು 50 ಜಿಬಿ ಆದ ಕೂಡಲೇ ನಿಲ್ಲುತ್ತದೆ. ಮತ್ತೆ ಒಂದು ದಿನ ಸುಮ್ನೆ ಕಾಯಬೇಕು, ಯಾಕೆಂದರೆ ಬಿಲ್‌ನಲ್ಲಿ ಲೆಕ್ಕ ಕೂಡಲೇ ಕಾಣುವುದಿಲ್ಲ. ತಿಂಗಳ ಪುಕ್ಕಟೆ ಕೋಟಾ ಇದ್ದು ಅದು ಮೊದಲೇ ಮುಗಿದಿದ್ದರೆ, ಬಂದ ಮೊತ್ತವನ್ನು 50ರಿಂದ ಭಾಗಿಸಿದರೆ ನಿಮ್ಮ ನಿಜವಾದ ರೇಟು ಸಿಕ್ಕಿತು.

ಈಗ ನನ್ನ ಸಿಟ್ಟಿನ ವಿಷಯ. 2024ರಲ್ಲಿ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೂವರೂ, ಬಿಟ್ಟು ಹೋಗುವವರಿಗೆ ಎಗ್ರೆಸ್ ಮಾಫಿ ಅಂದರು. ಒಳ್ಳೆಯದೇ. ಆದರೆ ಅದು ತಾನಾಗಿ ಸಿಗುವುದಿಲ್ಲ, ಕೇಳಬೇಕು. ಭಾವ ಪೂರ್ತಿ ಬಿಡುವವನಾದ್ದರಿಂದ ಸಪೋರ್ಟ್‌ಗೆ ಬರೆದ. ಒಪ್ಪಿಗೆ ಬಂತು, ಉಳಿದ ಒಂಬತ್ತೂವರೆ ಟಿಬಿಯ ಎಗ್ರೆಸ್ ದುಡ್ಡು ಉಳಿಯಿತು. ಕೇಳುವ ಮೊದಲು ಹೋದ 111 ಡಾಲರ್ ಹೋದದ್ದೇ.

ಆದರೆ ಅರ್ಧ ಡೇಟಾ ಇಲ್ಲಿ, ಅರ್ಧ ಅಲ್ಲಿ ಇಟ್ಟು ದಿನಾ ಓಡಾಡಿಸುವವರಿಗೆ ಆ ಮಾಫಿ ಅಲ್ಲ. ಗಿರಾಕಿಯಾಗಿ ಉಳಿದವನಿಗೇ ಟೋಲು, ಎದ್ದು ಹೋಗುವವನಿಗೆ ಪುಕ್ಕಟೆ! ಯುರೋಪಿನಲ್ಲಿ ಡೇಟಾ ಆ್ಯಕ್ಟ್ ಬಂದಿದೆ. 2027ರ ಜನವರಿ 12ರಿಂದ ಅಲ್ಲಿನ ಗಿರಾಕಿ ಕಂಪನಿ ಬದಲಾಯಿಸಿದರೆ ಈ ಚಾರ್ಜ್ ಹಾಕುವ ಹಾಗೇ ಇಲ್ಲ. ಬದಿಯಡ್ಕದ ಸ್ಟುಡಿಯೋಗೆ ಆ ಕಾನೂನಿನ ನೆರಳೂ ಬೀಳುವುದಿಲ್ಲ. ಇಲ್ಲಿ ಸಪೋರ್ಟ್‌ಗೆ ಅರ್ಜಿ ಬರೆದು ಅವರ ಒಪ್ಪಿಗೆಗೆ ಕಾಯಬೇಕು.

ಭಾವ ಈಗ ಹೊಸ ಜಾಗದ ರೇಟ್ ಪಟ್ಟಿಯನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದಾನೆ. ಬಾಡಿಗೆಯ ಸಾಲಿಗಲ್ಲ, ಎಗ್ರೆಸ್ ಸಾಲಿಗೆ ಕೆಂಪು ಗೆರೆ ಎಳೆದಿದ್ದಾನೆ.