ಸಮ ಮತ ಬಂದಾಗ ನಡವಳಿಯಲ್ಲಿ ಏನು ಬರೆಯಬೇಕು?

ಚಿಕ್ಕಬಳ್ಳಾಪುರ ಜಿಲ್ಲೆಯ ನಾನಾ ಊರುಗಳಿಂದ ಬಂದಿರುವ ಸಂಘಗಳ ಕಾರ್ಯದರ್ಶಿಗಳೇ, ನಮಸ್ಕಾರ. ಇವತ್ತು ಒಂದೇ ವಿಷಯ ಮಾತಾಡೋಣ. ಅಧ್ಯಕ್ಷರು ಹಾಕುವ ನಿರ್ಣಾಯಕ ಮತ, ಅಂದರೆ ಕಾಸ್ಟಿಂಗ್ ವೋಟ್.

ಚಿಂತಾಮಣಿ ಕಡೆಯ ಒಂದು ಹಾಲು ಉತ್ಪಾದಕರ ಸಂಘ ಅಂತ ಇಟ್ಟುಕೊಳ್ಳಿ. ಹಾಲು ಪರೀಕ್ಷಿಸುವ ಹೊಸ ಯಂತ್ರ ಕೊಳ್ಳಬೇಕೋ ಬೇಡವೋ ಅನ್ನೋದು ವಿಷಯ. ಅಧ್ಯಕ್ಷರೂ ಸೇರಿ 9 ಮಂದಿ ಹಾಜರಿದ್ದಾರೆ. ಕೈ ಎತ್ತಿಸಿದಾಗ ಪರ 4, ವಿರೋಧ 4, ಒಬ್ಬರು ತಟಸ್ಥ. ಅಧ್ಯಕ್ಷರ ಮೊದಲ ಮತ ಪರವಾಗಿಯೇ ಇತ್ತು. ಆಮೇಲೆ ನಿರ್ಣಾಯಕ ಮತವನ್ನೂ ಪರವಾಗಿ ಹಾಕಿದರು. ಠರಾವು ಪಾಸಾಯಿತು.

ಇದನ್ನು ಹೆಚ್ಚಿನವರು "5–4 ಮತಗಳಿಂದ ಅಂಗೀಕರಿಸಲಾಯಿತು" ಅಂತ ಬರೆದು ಮುಗಿಸುತ್ತಾರೆ. ಹಾಜರಿ ನೋಡಿದರೆ 9, ಮತ ಕೂಡಿದರೂ 9. ಲೆಕ್ಕ ಸರಿಯಾಗಿಯೇ ಕಾಣುತ್ತೆ, ಅಲ್ವಾ? ಆದರೆ ಐದನೇ ಮತ ಅಧ್ಯಕ್ಷರ ಎರಡನೇ ಮತ. ಓದುವವರಿಗೆ ಅದು ಗೊತ್ತಾಗಲ್ಲ. ತಟಸ್ಥರಾಗಿದ್ದ ಸದಸ್ಯರೂ ಮತ ಹಾಕಿದ್ದಾರೆ ಅಂತಲೇ ಅವರು ತಿಳಿಯುತ್ತಾರೆ. ನಾಳೆ ಆ ಖರೀದಿಯ ಮೇಲೆ ತಕರಾರು ಬಂದರೆ, ಆ ಸದಸ್ಯರು ತಮ್ಮ ನಿಲುವನ್ನು ತೋರಿಸಲು ಪುಸ್ತಕದಲ್ಲಿ ಒಂದು ಸಾಲೂ ಇರಲ್ಲ. ನನಗೆ ಇದು ಆ ಸದಸ್ಯರಿಗೆ ಮಾಡಿದ ಅನ್ಯಾಯ ಅನ್ನಿಸುತ್ತದೆ.

ಹಾಗಾಗಿ ಎರಡು ಹಂತವನ್ನು ಬೇರೆ ಬೇರೆಯಾಗಿ, ನಡೆದ ಕ್ರಮದಲ್ಲೇ ಬರೆಯಿರಿ. ಹೀಗೆ:

"ಠರಾವನ್ನು ಮತಕ್ಕೆ ಹಾಕಲಾಯಿತು. ಅಧ್ಯಕ್ಷರ ಮತವೂ ಸೇರಿ ಪರ 4, ವಿರೋಧ 4, ತಟಸ್ಥ 1. ಮತಗಳು ಸಮವಾದ ಕಾರಣ ಅಧ್ಯಕ್ಷರು ಬೈಲಾದ ಇಂಥ ನಿಯಮದಂತೆ ತಮ್ಮ ನಿರ್ಣಾಯಕ ಮತವನ್ನು ಠರಾವಿನ ಪರವಾಗಿ ಚಲಾಯಿಸಿದರು. ಠರಾವು ಅಂಗೀಕಾರವಾಯಿತೆಂದು ಅಧ್ಯಕ್ಷರು ಘೋಷಿಸಿದರು."

"ಇಂಥ ನಿಯಮ" ಅಂದ ಕಡೆ ನಿಮ್ಮ ಬೈಲಾದ ನಿಯಮದ ಸಂಖ್ಯೆ ಬರಬೇಕು. ಅಧ್ಯಕ್ಷರಾದ ಮಾತ್ರಕ್ಕೆ ಈ ಹಕ್ಕು ತಾನಾಗಿ ಬರಲ್ಲ. ಕಾನೂನೋ ಬೈಲಾವೋ ಕೊಟ್ಟಿರಬೇಕು. ಕೊಡುವ ರೀತಿಯೂ ಒಂದೇ ಅಲ್ಲ. ಸಂವಿಧಾನದ 189ನೇ ವಿಧಿ ಪ್ರಕಾರ ವಿಧಾನಸಭೆಯ ಸ್ಪೀಕರ್ ಮೊದಲ ಸುತ್ತಿನಲ್ಲಿ ಮತ ಹಾಕುವುದೇ ಇಲ್ಲ, ಸಮವಾದಾಗ ಮಾತ್ರ ಹಾಕುತ್ತಾರೆ. ನಮ್ಮ ಉದಾಹರಣೆಯ ಅಧ್ಯಕ್ಷರು ಎರಡು ಸಲ ಹಾಕಿದರು. ಅದಕ್ಕೇ "ಅಧ್ಯಕ್ಷರ ಮತವೂ ಸೇರಿ" ಅನ್ನುವ ಮಾತನ್ನು ಬಿಡಬೇಡಿ.

ಅಧ್ಯಕ್ಷರು ಬಾರದ ದಿನ ಬೇರೊಬ್ಬರು ಅಧ್ಯಕ್ಷತೆ ವಹಿಸಿದ್ದರೆ ಬೈಲಾದ ಪದಗಳನ್ನೇ ನೋಡಿ. ಹಕ್ಕು ಇರುವುದು ಸಂಘದ ಅಧ್ಯಕ್ಷರಿಗೋ, ಸಭೆಯ ಅಧ್ಯಕ್ಷತೆ ವಹಿಸಿದವರಿಗೋ? ಎರಡನೆಯದಾದರೆ ಅವರ ಹೆಸರನ್ನೇ ಬರೆಯಿರಿ. ಮೊದಲನೆಯದಾದರೆ ಮತ ಎಣಿಸುವ ಮುಂಚೆಯೇ ಸಭೆಗೆ ಹೇಳಿಬಿಡಿ.

ನಿರ್ಣಾಯಕ ಮತದ ಹಕ್ಕು ಇಲ್ಲದಿದ್ದರೆ, ಅಥವಾ ಇದ್ದೂ ಅಧ್ಯಕ್ಷರು ಅದನ್ನು ಬಳಸದಿದ್ದರೆ, ಠರಾವಿಗೆ ಬಹುಮತ ಸಿಗಲಿಲ್ಲ ಅಂತಲೇ ಅರ್ಥ. ಅಂಥ ಕಡೆ ಸುಮ್ನೆ "ಚರ್ಚಿಸಲಾಯಿತು" ಅಂತ ಬರೆದು ಬಿಡಬೇಡಿ. "ಮತಗಳು ಸಮವಾಗಿ, ಬಹುಮತ ದೊರೆಯದ ಕಾರಣ ಠರಾವು ಅಂಗೀಕಾರವಾಗಲಿಲ್ಲ" ಅಂತ ಬರೆಯಿರಿ.